ಒಂದು ಸಕ್ಕರೆಗೆ ಐದು ಹೆಸರು: ಲೇಬಲ್ ನಿಯಮ ಬರೆಯುವವರಿಗೆ ಒಂದು ಬಹಿರಂಗ ಪತ್ರ

ದೇಶದೇಶಗಳ ನಡುವೆ ಆಹಾರ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್ ಅಲಿಮೆಂಟೇರಿಯಸ್ ಆಯೋಗದ ಆಹಾರ ಲೇಬಲಿಂಗ್ ಸಮಿತಿಯ ಸದಸ್ಯರಿಗೆ, ಮತ್ತು ಆ ಸಮಿತಿಯ ಮಾನದಂಡವನ್ನು ಮುಂದಿಟ್ಟುಕೊಂಡು ತಮ್ಮ ತಮ್ಮ ದೇಶದ ನಿಯಮ ಬರೆಯುವ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಹನ್ನೊಂದು ವರ್ಷ ಒಂದು ಆಹಾರ ಕಂಪನಿಯ ಲೇಬಲ್ ವಿಭಾಗದಲ್ಲಿ ಕೆಲಸ ಮಾಡಿದವನು. ಪೊಟ್ಟಣದ ಹಿಂಬದಿಯಲ್ಲಿ ಇರುವೆ ಸಾಲಿನಂತೆ ಕಾಣುವ ಅಕ್ಷರಗಳನ್ನು ಜೋಡಿಸುವುದೇ ನನ್ನ ಕೆಲಸವಾಗಿತ್ತು. ಆ ಹನ್ನೊಂದು ವರ್ಷಗಳಲ್ಲಿ ನಿಮ್ಮ ಒಂದು ನಿಯಮವನ್ನೂ ನಾನು ಮುರಿದಿಲ್ಲ. ನನ್ನ ದೂರು ಇರುವುದು ಅಲ್ಲಿಯೇ. ಮುರಿಯುವ ಅಗತ್ಯವೇ ಬೀಳಲಿಲ್ಲ.

ಒಂದೇ ಒಂದು ಡಬ್ಬಿಯ ಕಥೆ ಹೇಳುತ್ತೇನೆ. ಬೆಳಗಿನ ತಿಂಡಿಗೆಂದು ಹಾಲಿನಲ್ಲಿ ಹಾಕಿಕೊಂಡು ತಿನ್ನುವ, ಗರಿಗರಿಯಾಗಿ ಬೇಯಿಸಿದ ಓಟ್ಸ್ ಮಿಶ್ರಣ. ನಾನೂರು ಗ್ರಾಂ ತೂಕ. ಮುಂಬದಿಯಲ್ಲಿ ಓಟ್ಸ್ ತೆನೆ, ಅದರ ಮೇಲೆ ಇಳಿಯುತ್ತಿರುವ ಜೇನಿನ ಎಳೆ.

ಮೊದಲ ಸಲ ನನ್ನ ಮೇಜಿಗೆ ಬಂದ ಪಾಕವಿಧಾನ ಸರಳವಾಗಿತ್ತು. ನೂರು ಕಿಲೋ ಮಿಶ್ರಣದಲ್ಲಿ ಸಕ್ಕರೆ ಮೂವತ್ತನಾಲ್ಕು ಕಿಲೋ, ಓಟ್ಸ್ ಮೂವತ್ತೆರಡು ಕಿಲೋ, ಉಳಿದದ್ದು ಅಕ್ಕಿ ಹಿಟ್ಟು, ಎಣ್ಣೆ, ಒಣದ್ರಾಕ್ಷಿ, ಉಪ್ಪು. 1985ರಲ್ಲಿ ರೂಪುಗೊಂಡ ನಿಮ್ಮ ಲೇಬಲ್ ಮಾನದಂಡ ಹೇಳುವಂತೆ, ತಯಾರಿಕೆಯ ಹೊತ್ತಿನಲ್ಲಿ ಯಾವುದು ಹೆಚ್ಚು ತೂಗುತ್ತದೆಯೋ ಅದು ಪಟ್ಟಿಯಲ್ಲಿ ಮೊದಲು ಬರಬೇಕು. ಹಾಗಾಗಿ ನಾನು ಬರೆದ ಕರಡಿನ ಮೊದಲ ಪದ "ಸಕ್ಕರೆ" ಎಂದಾಯಿತು. ಕರಡು ಮಾರಾಟ ವಿಭಾಗಕ್ಕೆ ಹೋಗಿ ಎರಡೇ ದಿನದಲ್ಲಿ ಮರಳಿ ಬಂತು. ಮೊದಲ ಪದದ ಸುತ್ತ ಕೆಂಪು ಶಾಯಿಯ ವೃತ್ತ. ಪಕ್ಕದಲ್ಲಿ ಒಂದೇ ಸಾಲು: "ಇಲ್ಲಿ ಓಟ್ಸ್ ಬರಬೇಕು."

ಯಾರೂ ಸುಳ್ಳು ಬರೆಯಲು ಹೇಳಲಿಲ್ಲ. ಹೇಳಿದ್ದರೆ ನಾನು ಜಗಳವಾಡುತ್ತಿದ್ದೆ, ಮತ್ತು ಬಹುಶಃ ಗೆಲ್ಲುತ್ತಿದ್ದೆ. ಅವರು ಕೇಳಿದ್ದು ಪಾಕವಿಧಾನವನ್ನೇ ತುಸು ಬದಲಿಸಲು. ಮೂರು ವಾರಗಳ ನಂತರ ಬಂದ ಹೊಸ ಹಾಳೆ ಹೀಗಿತ್ತು: ಓಟ್ಸ್ ಮೂವತ್ತೆರಡು, ಅಕ್ಕಿ ಹಿಟ್ಟು ಹದಿನೆಂಟು, ಸಕ್ಕರೆ ಹದಿನಾಲ್ಕು, ಗ್ಲೂಕೋಸ್ ಸಿರಪ್ ಹನ್ನೊಂದು, ಎಣ್ಣೆ ಹತ್ತು, ಸೇಬಿನ ರಸದ ಸಾಂದ್ರ ಆರು, ಒಣದ್ರಾಕ್ಷಿ ನಾಲ್ಕೂವರೆಗಿಂತ ಒಂದಿಷ್ಟು ಹೆಚ್ಚು, ಮಾಲ್ಟ್ ಸಾರ ಮೂರು, ಉಪ್ಪು 0.8, ಜೇನು 0.6. ಓಟ್ಸ್ ಒಂದು ಗ್ರಾಂ ಕೂಡ ಹೆಚ್ಚಾಗಿಲ್ಲ ಎಂಬುದನ್ನು ಗಮನಿಸಿ. ಸಕ್ಕರೆ, ಸಿರಪ್, ಸೇಬಿನ ಸಾಂದ್ರ, ಮಾಲ್ಟ್ ಸಾರ, ಜೇನು ಈ ಐದನ್ನೂ ಕೂಡಿಸಿದರೆ 34.6. ಮೊದಲು ಇದ್ದ ಸಕ್ಕರೆಗಿಂತ ಅರ್ಧ ಕಿಲೋಗೂ ಮಿಗಿಲು. ಆದರೆ ಒಂದೇ ಹೆಸರಿನಲ್ಲಿ ನಿಂತಿದ್ದಾಗ ಪಟ್ಟಿಯ ತಲೆಯ ಮೇಲಿದ್ದದ್ದು, ಐದು ಹೆಸರಿನಲ್ಲಿ ಹಂಚಿಹೋದಾಗ ಮೂರು, ನಾಲ್ಕು, ಆರು, ಎಂಟು, ಹತ್ತನೆಯ ಸ್ಥಾನಗಳಿಗೆ ಇಳಿಯಿತು.

ಪಟ್ಟಿಯ ಮೊದಲ ಪದ ಓಟ್ಸ್ ಆಯಿತು. ಅದಕ್ಕೆ ನಾನೇ ಸಹಿ ಹಾಕಿದೆ.

ಈ ಐದರಲ್ಲಿ ಪ್ರತಿಯೊಂದಕ್ಕೂ ಒಂದು ತಾಂತ್ರಿಕ ಸಮರ್ಥನೆ ಇದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಗ್ಲೂಕೋಸ್ ಸಿರಪ್ ಇಲ್ಲದಿದ್ದರೆ ಓಟ್ಸ್ ಗಟ್ಟಿಯಾಗಿ ಒಂದಕ್ಕೊಂದು ಅಂಟುವುದಿಲ್ಲ, ಮಾಲ್ಟ್ ಸಾರ ಒಲೆಯಲ್ಲಿ ಬಣ್ಣ ಕೊಡುತ್ತದೆ. ಪಾಕವಿಧಾನದ ತಜ್ಞರನ್ನು ಕೇಳಿದರೆ ಅರ್ಧ ಗಂಟೆ ಉಪನ್ಯಾಸ ಕೊಡುತ್ತಾರೆ, ಅದರಲ್ಲಿ ಸುಳ್ಳೇನೂ ಇರುವುದಿಲ್ಲ. ಆದರೆ ಪಾಕವಿಧಾನ ಬದಲಾದದ್ದು ಬಣ್ಣಕ್ಕಾಗಿ ಅಲ್ಲ, ಕೆಂಪು ಶಾಯಿಯ ವೃತ್ತಕ್ಕಾಗಿ. ಕೊಳ್ಳುವವರಿಗೆ ಈ ವ್ಯತ್ಯಾಸ ಎಂದಿಗೂ ತಿಳಿಯುವುದಿಲ್ಲ.

ಲೇಬಲ್ ಓದುವುದನ್ನು ಕಲಿಸುವವರು ಒಂದು ಉಪಾಯ ಹೇಳಿಕೊಡುತ್ತಾರೆ: "ಓಸ್" ಎಂದು ಕೊನೆಗೊಳ್ಳುವ ಹೆಸರುಗಳೆಲ್ಲ ಸಕ್ಕರೆ ಎಂದು ತಿಳಿಯಿರಿ. ಸುಕ್ರೋಸ್, ಡೆಕ್ಸ್ಟ್ರೋಸ್, ಫ್ರಕ್ಟೋಸ್, ಮಾಲ್ಟೋಸ್, ಲ್ಯಾಕ್ಟೋಸ್ ಇವುಗಳ ಮಟ್ಟಿಗೆ ಅದು ಸರಿ. ಆದರೆ ಸೆಲ್ಯುಲೋಸ್ ನಾರು, ಸುಕ್ರಲೋಸ್ ಕ್ಯಾಲೊರಿಯಿಲ್ಲದ ಸಿಹಿಕಾರಕ. ಉಪಾಯ ಅವನ್ನೂ ಹಿಡಿದು ಕಟಕಟೆಗೆ ತರುತ್ತದೆ. ಇತ್ತ ನಿಜವಾದ ಆರೋಪಿಗಳು ಪಾರಾಗುತ್ತಾರೆ. ನಮ್ಮ ಡಬ್ಬಿಯ ಐದು ಹೆಸರುಗಳಲ್ಲಿ ಒಂದಾದರೂ "ಓಸ್" ಎಂದು ಮುಗಿಯುವುದಿಲ್ಲ. ಗ್ಲೂಕೋಸ್ ಕೂಡ ಸಿರಪ್ ಎಂಬ ಬಾಲ ಹೊತ್ತು ಕುಳಿತಿದೆ. ಕಾಕಂಬಿ, ಇನ್ವರ್ಟ್ ಸಿರಪ್, ಅಕ್ಕಿ ಸಿರಪ್, ಅಗಾವೆ ಸಿರಪ್, ದ್ರಾಕ್ಷಿ ರಸದ ಸಾಂದ್ರ, ಖರ್ಜೂರದ ಪೇಸ್ಟ್ ಇವೂ ಅದೇ ಸಾಲಿನವು.

ಹಣ್ಣಿನ ರಸದ ಸಾಂದ್ರದ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ನಿದ್ದೆ ಬಾರದು. ಸೇಬಿನ ರಸದಿಂದ ನೀರನ್ನು ಇಂಗಿಸುತ್ತಾ ಹೋದರೆ ಕೊನೆಗೆ ಉಳಿಯುವುದು ದಪ್ಪನೆಯ ಸಿಹಿ ಪಾಕ. ನಾರು ಹಿಂಡುವಾಗಲೇ ಹೋಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಜೇನು, ಸಿರಪ್, ಹಣ್ಣಿನ ರಸ, ರಸದ ಸಾಂದ್ರ ಎಲ್ಲವನ್ನೂ ಚಮಚದಿಂದ ಸುರಿದ ಸಕ್ಕರೆಯ ಜೊತೆಗೇ ಎಣಿಸಿದೆ. "ಸಕ್ಕರೆ ಸೇರಿಸಿಲ್ಲ" ಎಂದು ಬರೆಯಬೇಕಾದರೆ ಸಕ್ಕರೆಯ ಬದಲಿಗೆ ಇಂತಹ ಸಾಂದ್ರವನ್ನೂ ಬಳಸಿರಬಾರದು ಎಂದು ನಿಮ್ಮದೇ ಮಾರ್ಗಸೂಚಿ ಹೇಳುತ್ತದೆ. ಒಳ್ಳೆಯ ಮಾತು. ಆದರೆ ಅದು ಮುಂಬದಿಯ ಘೋಷಣೆಗೆ ಮಾತ್ರ ಅನ್ವಯಿಸುತ್ತದೆ. ಹಿಂಬದಿಯ ಪಟ್ಟಿಯಲ್ಲಿ ಅದೇ ಸಾಂದ್ರ ಹಣ್ಣಿನ ವೇಷದಲ್ಲಿಯೇ ಕುಳಿತಿರಬಹುದು.

ಪದಾರ್ಥಗಳ ಪಟ್ಟಿ ಹೋಗಲಿ, ಪೋಷಕಾಂಶಗಳ ಕೋಷ್ಟಕದಲ್ಲಿ "ಸಕ್ಕರೆಗಳು" ಎಂಬ ಸಾಲು ಇದೆಯಲ್ಲ, ಎಲ್ಲ ಹೆಸರುಗಳೂ ಅಲ್ಲಿ ಒಂದಾಗಿ ಸಿಕ್ಕಿಬೀಳಬೇಕಲ್ಲ ಎಂದು ನೀವು ಕೇಳಬಹುದು. ಬಹುಮಟ್ಟಿಗೆ ನಿಜ. ಆದ್ದರಿಂದಲೇ ಆ ಸಾಲಿನ ಮೇಲೆ ನನಗೆ ಗೌರವವಿದೆ. ಆದರೆ ನಮ್ಮ ಡಬ್ಬಿಯಲ್ಲಿ ಒಂದು ವಿಚಿತ್ರ ನಡೆಯಿತು. ಹಳೆಯ ಪಾಕವಿಧಾನದಲ್ಲಿ ನೂರು ಗ್ರಾಮಿಗೆ ಸುಮಾರು 37 ಗ್ರಾಂ ಎಂದು ಬರುತ್ತಿದ್ದ ಸಕ್ಕರೆ, ಹೊಸದರಲ್ಲಿ 26ಕ್ಕೆ ಇಳಿಯಿತು. ಸಿಹಿ ಪದಾರ್ಥಗಳ ಒಟ್ಟು ತೂಕ ಇಳಿದಿಲ್ಲ, ಕೊಂಚ ಏರಿದೆ. ಹಾಗಾದರೆ ಹನ್ನೊಂದು ಗ್ರಾಂ ಎಲ್ಲಿಗೆ ಹೋಯಿತು?

ಸ್ವಲ್ಪ ಭಾಗ ನೀರು. ಸಿರಪ್ಪು, ಸಾಂದ್ರಗಳಲ್ಲಿ ನೀರೂ ತೂಗುತ್ತದೆ. ಉಳಿದದ್ದಕ್ಕೆ ಮುಖ್ಯ ಕಾರಣ ಗ್ಲೂಕೋಸ್ ಸಿರಪ್. ಪಿಷ್ಟವನ್ನು ತುಂಡರಿಸಿ ಮಾಡುವ ಈ ಸಿರಪ್ಪಿನಲ್ಲಿ ಉದ್ದುದ್ದ ಸರಪಳಿಗಳು ಇನ್ನೂ ಉಳಿದಿರುತ್ತವೆ. ಕೋಷ್ಟಕದ ಲೆಕ್ಕದಲ್ಲಿ ಸಕ್ಕರೆ ಎಂದರೆ ಒಂದು ಕೊಂಡಿಯ ಅಥವಾ ಎರಡು ಕೊಂಡಿಗಳ ಅಣು ಮಾತ್ರ. ಮಿಠಾಯಿ, ಬಿಸ್ಕತ್ತು ಮಾಡುವವರು ಸಾಮಾನ್ಯವಾಗಿ ಬಳಸುವ ಗ್ಲೂಕೋಸ್ ಸಿರಪ್ಪಿನ ಘನಾಂಶದಲ್ಲಿ ಅಂತಹ ಚಿಕ್ಕ ಅಣುಗಳು ಮೂರನೇ ಒಂದು ಭಾಗದ ಆಸುಪಾಸು. ಉಳಿದ ಮೂರನೇ ಎರಡು ಭಾಗ "ಕಾರ್ಬೋಹೈಡ್ರೇಟ್" ಎಂಬ ದೊಡ್ಡ ಸಾಲಿನಲ್ಲಿ, ಓಟ್ಸಿನ ಪಿಷ್ಟದ ಜೊತೆ ಸದ್ದಿಲ್ಲದೆ ಕರಗಿಹೋಗುತ್ತದೆ. ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಬಿಳಿ ಪುಡಿ ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಗಿದೆ: ಬಹುಪಾಲು ಸರಪಳಿಗಳೇ ಆಗಿರುವುದರಿಂದ ಸಕ್ಕರೆಯ ಸಾಲಿನಲ್ಲಿ ಅದು ಹೆಚ್ಚುಕಡಿಮೆ ಕಾಣಿಸಿಕೊಳ್ಳುವುದೇ ಇಲ್ಲ. ಹೊಟ್ಟೆಗೆ ಹೋದ ಮೇಲೆ ಈ ಸರಪಳಿಗಳು ಬೇಗನೆ ಕಡಿದು ಗ್ಲೂಕೋಸ್ ಆಗಿಯೇ ರಕ್ತ ಸೇರುತ್ತವೆ. ಮಧುಮೇಹ ಇರುವವರು ಸಕ್ಕರೆಯ ಸಾಲನ್ನಷ್ಟೇ ನೋಡದೆ ಒಟ್ಟು ಕಾರ್ಬೋಹೈಡ್ರೇಟ್ ಸಾಲನ್ನೂ ನೋಡಬೇಕೆಂದು ಹೇಳುವುದು ಇದಕ್ಕೇ.

ಇನ್ನು ಮುಂಬದಿಯಲ್ಲಿ ಎಳೆಎಳೆಯಾಗಿ ಇಳಿಯುತ್ತಿದ್ದ ಜೇನು. ಅದು ಎಷ್ಟಿದೆ ಎಂದು ಪಾಕವಿಧಾನ ನೋಡದವರೂ ಕಂಡುಹಿಡಿಯಬಹುದು, ಅದಕ್ಕೆ ಉಪ್ಪೇ ಸಾಕ್ಷಿ. ಲೇಬಲ್ ವಿಭಾಗದಲ್ಲಿ ನಾವು ಪ್ರತಿಸ್ಪರ್ಧಿಗಳ ಡಬ್ಬಿಗಳನ್ನು ಓದುತ್ತಿದ್ದದ್ದು ಹೀಗೆಯೇ. ಮೊದಲು ಕೋಷ್ಟಕದಲ್ಲಿ ಸೋಡಿಯಂ ನೋಡಬೇಕು. ನಮ್ಮ ಡಬ್ಬಿಯಲ್ಲಿ ನೂರು ಗ್ರಾಮಿಗೆ 320 ಮಿಲಿಗ್ರಾಂ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ: 800 ಮಿಲಿಗ್ರಾಂ, ಅಂದರೆ 0.8 ಗ್ರಾಂ. ಸೋಡಿಯಂನಲ್ಲಿ ಒಂದಷ್ಟು ಬೇರೆ ಪದಾರ್ಥದಿಂದ ಬಂದಿದ್ದರೆ ಉಪ್ಪು ಇದಕ್ಕಿಂತಲೂ ಕಡಿಮೆಯೇ ಹೊರತು ಹೆಚ್ಚಲ್ಲ. ಈಗ ಪಟ್ಟಿಯಲ್ಲಿ ಉಪ್ಪು ಎಲ್ಲಿದೆ ನೋಡಿ. ಅದರ ನಂತರ ಬರುವುದು ಯಾವುದೇ ಆಗಲಿ, ಉಪ್ಪಿಗಿಂತ ಕಡಿಮೆ ಇರಲೇಬೇಕು. ಜೇನು ಉಪ್ಪಿನ ನಂತರ ಬಂದಿದೆ. ಅಂದರೆ ನಾನೂರು ಗ್ರಾಮಿನ ಇಡೀ ಡಬ್ಬಿಯಲ್ಲಿ ಜೇನು ಹೆಚ್ಚೆಂದರೆ ಮೂರು ಗ್ರಾಂ ಚಿಲ್ಲರೆ. ಒಂದು ಟೀ ಚಮಚ ಜೇನು ಸುಮಾರು ಏಳು ಗ್ರಾಂ ತೂಗುತ್ತದೆ. ಇಡೀ ಡಬ್ಬಿಗೆ ಅರ್ಧ ಚಮಚ ಜೇನೂ ಇಲ್ಲ. ಚಿತ್ರದಲ್ಲಿ ಇಳಿಯುತ್ತಿದ್ದ ಜೇನೇ ಅದಕ್ಕಿಂತ ಹೆಚ್ಚಿತ್ತು.

ಈ ಲೆಕ್ಕಕ್ಕೆ ಒಂದು ಮಿತಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ಐರೋಪ್ಯ ಒಕ್ಕೂಟ, ಅಮೆರಿಕ ಮುಂತಾದೆಡೆ ಶೇಕಡಾ ಎರಡಕ್ಕಿಂತ ಕಡಿಮೆ ಇರುವ ಪದಾರ್ಥಗಳನ್ನು ಪಟ್ಟಿಯ ಕೊನೆಯಲ್ಲಿ ಹೇಗೆ ಬೇಕಾದರೂ ಜೋಡಿಸಬಹುದು. ಅಲ್ಲಿ ಉಪ್ಪಿನ ಆಚೆಈಚೆ ಎಂಬ ಗೆರೆ ಅಳಿಸಿಹೋಗುತ್ತದೆ. ಉಪ್ಪೇ ಶೇಕಡಾ ಒಂದಕ್ಕೂ ಕಡಿಮೆ ಇದ್ದಾಗ, ಅದರ ನಂತರದ್ದು ಎರಡಕ್ಕಿಂತ ಕಡಿಮೆ ಎಂದಷ್ಟೇ ಹೇಳಲು ಸಾಧ್ಯ. ಆಗಲೂ ಜೇನು ಎಂಟು ಗ್ರಾಂ ಮುಟ್ಟದು, ಒಂದು ಚಮಚದ ಆಸುಪಾಸಿನಲ್ಲೇ ನಿಲ್ಲುತ್ತದೆ. ಚಿತ್ರದಲ್ಲಿಯೋ ಮಾತಿನಲ್ಲಿಯೋ ಯಾವ ಪದಾರ್ಥವನ್ನು ಎತ್ತಿ ತೋರಿಸಿದ್ದೀರೋ ಅದರ ಶೇಕಡಾವಾರು ಬರೆಯಬೇಕು ಎಂದು ನಿಮ್ಮ ಮಾನದಂಡದಲ್ಲಿ ಇದೆ, ಐರೋಪ್ಯ ಒಕ್ಕೂಟ ಅದನ್ನು ಕಡ್ಡಾಯವನ್ನೂ ಮಾಡಿದೆ. "ಜೇನು 0.6%" ಎಂದು ಅಚ್ಚಾಗಿದ್ದರೆ ಉಪ್ಪನ್ನು ಸಾಕ್ಷಿಗೆ ಕರೆಯಬೇಕಾಗಿಯೇ ಇರಲಿಲ್ಲ. ಎಲ್ಲೆಡೆ ಅದು ಏಕೆ ಜಾರಿಯಲ್ಲಿಲ್ಲ ಎಂಬುದಕ್ಕೆ ಉತ್ತರ ಕೊಡಬೇಕಾದವರು ಈ ಪತ್ರದ ಎರಡನೆಯ ವಿಳಾಸದಾರರು.

ಕ್ರಮಾಂಕದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ತೂಕ ನೋಡುವುದು ಬೆರೆಸುವ ಹೊತ್ತಿನಲ್ಲಿ, ಬೆಂದ ಮೇಲಲ್ಲ. ತಾಜಾ ಹಣ್ಣಿನ ತಿರುಳು ಬಹುಪಾಲು ನೀರು. ಅದು ನೀರಿನ ತೂಕದ ಬಲದಿಂದ ಪಟ್ಟಿಯಲ್ಲಿ ಸಕ್ಕರೆಗಿಂತ ಮೇಲೆ ಕೂರುತ್ತದೆ, ಒಲೆಯೊಳಗೆ ಆ ನೀರು ಆವಿಯಾಗುತ್ತದೆ. ಸಕ್ಕರೆ ಆವಿಯಾಗುವುದಿಲ್ಲ. ಕೈಗೆ ಬರುವ ಹೊತ್ತಿಗೆ ಸ್ಥಾನಗಳು ಅದಲುಬದಲಾಗಿರುತ್ತವೆ, ಪಟ್ಟಿ ಮಾತ್ರ ಹಾಗೆಯೇ ಇರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಾನು, ಒಂದು ಸಲಕ್ಕೆ ತಿನ್ನುವ ಪ್ರಮಾಣ ಎಂದು ಡಬ್ಬಿಯ ಮೇಲೆ ಬರೆಯುವ ಸರ್ವಿಂಗ್ ಎಂಬ ಪದದ ಬಗ್ಗೆ ಹೆಚ್ಚು ತಲೆಕೆಡಿಸಿಕೊಂಡಿರಲಿಲ್ಲ. ಕೆಲಸ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಅಕ್ಕನ ಮನೆಯಲ್ಲಿ ಅದು ಎದುರಿಗೆ ಬಂದು ನಿಂತಿತು.

ಅಕ್ಕನಿಗೆ ರಕ್ತದ ಸಕ್ಕರೆ ಗಡಿ ಮುಟ್ಟಿದೆ ಎಂದು ವೈದ್ಯರು ಹೇಳಿ ಕೆಲವು ತಿಂಗಳಾಗಿತ್ತು. ಅವಳು ಕಾಫಿಗೆ ಸಕ್ಕರೆ ಬಿಟ್ಟಿದ್ದಳು, ಸಿಹಿ ತಿಂಡಿ ಬಿಟ್ಟಿದ್ದಳು. ಬೆಳಗಿನ ತಿಂಡಿಗೆ ನಮ್ಮದಲ್ಲದ, ಆದರೆ ನಮ್ಮದರ ಅವಳಿಯಂತಿದ್ದ ಓಟ್ಸ್ ಡಬ್ಬಿ ತಂದಿಟ್ಟುಕೊಂಡಿದ್ದಳು. ಕೋಷ್ಟಕವನ್ನು ನೋಡಿಯೇ ತಂದಿದ್ದಳು. "ಒಂದು ಸರ್ವಿಂಗಿಗೆ ಎಂಟು ಗ್ರಾಂ ಕೂಡ ಇಲ್ಲ, ನೋಡು," ಎಂದು ಬೆರಳಿಟ್ಟು ತೋರಿಸಿದಳು. ನಿಜವೇ, 7.8 ಗ್ರಾಂ ಎಂದಿತ್ತು. ನಾಲ್ಕು ಗ್ರಾಮಿಗೆ ಒಂದು ಟೀ ಚಮಚ ಎಂದು ಹಿಡಿದರೆ ಎರಡು ಚಮಚಕ್ಕೂ ಕಡಿಮೆ.

"ನೀನು ದಿನಾ ಎಷ್ಟು ಹಾಕಿಕೊಳ್ಳುತ್ತೀಯೋ ಅಷ್ಟನ್ನೇ ಬಟ್ಟಲಿಗೆ ಹಾಕು, ಅಕ್ಕ," ಎಂದೆ. ಅಡುಗೆಮನೆಯ ತೂಕದ ಯಂತ್ರದ ಮೇಲೆ ಖಾಲಿ ಬಟ್ಟಲಿಟ್ಟು ಸೊನ್ನೆ ಮಾಡಿದೆವು. ಅವಳು ಯಂತ್ರದ ಕಡೆ ನೋಡದೆ, ಎಂದಿನಂತೆ ಡಬ್ಬಿ ಬಗ್ಗಿಸಿದಳು. ಬಟ್ಟಲು ಮುಕ್ಕಾಲೂ ತುಂಬಿರಲಿಲ್ಲ. ಯಂತ್ರ 78 ಎಂದಿತು.

ಡಬ್ಬಿಯ ಸರ್ವಿಂಗ್ ಮೂವತ್ತು ಗ್ರಾಂ. ಅಕ್ಕನ ಬಟ್ಟಲಿನಲ್ಲಿ ಇದ್ದದ್ದು ಎರಡೂವರೆ ಸರ್ವಿಂಗಿಗೂ ಹೆಚ್ಚು, ಸಕ್ಕರೆ ಇಪ್ಪತ್ತು ಗ್ರಾಂ. ಐದು ಚಮಚ. ಒಣದ್ರಾಕ್ಷಿಯೊಳಗಿನ ಸಕ್ಕರೆ ಇಡೀ ಹಣ್ಣಿನದ್ದು, ಅದನ್ನು ಬೇರೆಯಾಗಿ ನೋಡಬೇಕು. ಅದಕ್ಕೆಂದು ಎರಡು ಗ್ರಾಂ ಕಳೆದರೂ ಹದಿನೆಂಟು ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಂತಹ ಸಕ್ಕರೆ ದಿನದ ಶಕ್ತಿಯ ಹತ್ತನೇ ಒಂದು ಭಾಗ ಮೀರಬಾರದು ಎನ್ನುತ್ತದೆ, ಎರಡು ಸಾವಿರ ಕ್ಯಾಲೊರಿಯ ಊಟಕ್ಕೆ ಅದು ಐವತ್ತು ಗ್ರಾಂ. ಇಪ್ಪತ್ತೈದಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎಂಬ ಮಾತನ್ನೂ ಸೇರಿಸಿದೆ. ಅಕ್ಕ ಬಿಟ್ಟಿದ್ದ ಕಾಫಿಯ ಸಕ್ಕರೆ ದಿನಕ್ಕೆ ಎರಡು ಚಮಚ.

ನಂತರ ಮೂವತ್ತು ಗ್ರಾಂ ಮಾತ್ರ ಅಳೆದು ಅದೇ ಬಟ್ಟಲಿಗೆ ಹಾಕಿ ತೋರಿಸಿದೆ. ತಳ ಮುಚ್ಚಿತು, ಅಷ್ಟೇ. ಅಕ್ಕ ಅದನ್ನು ನೋಡಿ, "ಇದನ್ನು ಯಾರು ತಿನ್ನುತ್ತಾರೆ?" ಎಂದಳು.

ಮಾನ್ಯರೇ, ಅವಳ ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇನೆ. ಮೂವತ್ತು ಗ್ರಾಂ ಅಳೆದು ತಿನ್ನುವವರು ಯಾರು? ನಮ್ಮ ಕಂಪನಿಯಲ್ಲಿ ಆ ಸಂಖ್ಯೆ ಬಂದದ್ದು ಮಾರುಕಟ್ಟೆಯಲ್ಲಿ ಉಳಿದವರೂ ಮೂವತ್ತು ಎಂದು ಬರೆದಿದ್ದರು ಎಂಬ ಕಾರಣಕ್ಕೆ. ನಾವು ಮಾತ್ರ ಎಪ್ಪತ್ತು ಎಂದು ಪ್ರಾಮಾಣಿಕವಾಗಿ ಬರೆದರೆ, ಅಂಗಡಿಯ ಕಪಾಟಿನಲ್ಲಿ ಪಕ್ಕದ ಡಬ್ಬಿಗಿಂತ ಎರಡು ಪಟ್ಟು ಸಿಹಿಯಾಗಿ ಕಾಣುತ್ತಿದ್ದೆವು. ಪ್ರಾಮಾಣಿಕನಾದವನಿಗೇ ನಷ್ಟವಾಗುವ ಹಾಗೆ ಇರುವ ನಿಯಮವನ್ನು ಕಂಪನಿಗಳು ತಾವಾಗಿ ಸರಿಪಡಿಸುತ್ತವೆ ಎಂದು ಕಾಯುವುದು ವ್ಯರ್ಥ. ಇನ್ನೊಂದು ಚಮತ್ಕಾರವೂ ಇದೆ: ಕೆಲವು ಡಬ್ಬಿಗಳಲ್ಲಿ ಪಕ್ಕದಲ್ಲೇ "ಹಾಲಿನೊಂದಿಗೆ" ಎಂಬ ಕಾಲಂ ಇರುತ್ತದೆ. ಹಾಲಿನ ಪ್ರೋಟೀನು, ಹಾಲಿನ ಕ್ಯಾಲ್ಸಿಯಂ ಎಲ್ಲ ಸೇರಿ ಆ ಕಾಲಂ ಮೈತುಂಬಿಕೊಂಡು ನಿಲ್ಲುತ್ತದೆ. ಹಾಲು ತಂದವರು ನಾವು, ಹೆಸರು ಡಬ್ಬಿಗೆ.

ಸರ್ವಿಂಗ್ ಚಿಕ್ಕದಾದಷ್ಟೂ ಇನ್ನೊಂದು ಬಾಗಿಲು ತೆರೆಯುತ್ತದೆ, ಸೊನ್ನೆಯ ಬಾಗಿಲು. ಅಮೆರಿಕದ ನಿಯಮದಲ್ಲಿ ಒಂದು ಸರ್ವಿಂಗಿನಲ್ಲಿ ಕೊಬ್ಬು ಅಥವಾ ಸಕ್ಕರೆ ಅರ್ಧ ಗ್ರಾಮಿಗಿಂತ ಕಡಿಮೆ ಇದ್ದರೆ ಸೊನ್ನೆ ಎಂದು ಬರೆಯಬಹುದು. ಬಾಣಲೆಗೆ ಸಿಂಪಡಿಸುವ ಎಣ್ಣೆಯ ಸ್ಪ್ರೇಗೆ ಅಲ್ಲಿ ಸರ್ವಿಂಗ್ ನಿಗದಿಪಡಿಸುವ ಉಲ್ಲೇಖ ಪ್ರಮಾಣವೇ ಕಾಲು ಗ್ರಾಂ. ಕಾಲು ಗ್ರಾಂ ಎಣ್ಣೆಯಲ್ಲಿ ಕೊಬ್ಬು ಕಾಲು ಗ್ರಾಂ, ಅದು ಅರ್ಧಕ್ಕಿಂತ ಕಡಿಮೆ, ಆದ್ದರಿಂದ ಕೊಬ್ಬು ಸೊನ್ನೆ. ಎಣ್ಣೆಯ ಮೇಲೆ ಕೊಬ್ಬು ಸೊನ್ನೆ ಎಂದು ಬರೆಯಲು ಅಡ್ಡಿಯಿಲ್ಲದಂತಾಯಿತು! ಅಡ್ಡಿಯಿಲ್ಲದಿದ್ದ ಮಾತ್ರಕ್ಕೆ ಎಣ್ಣೆ ಎಣ್ಣೆಯಲ್ಲದೆ ಹೋಗುತ್ತದೆಯೇ? ಕಾಲು ಗ್ರಾಂ ಎಂದರೆ ಗುಂಡಿಯನ್ನು ಒಂದು ಸೆಕೆಂಡೂ ಒತ್ತುವ ಹಾಗಿಲ್ಲ. ಬಾಣಲೆಯ ತಳ ಮುಚ್ಚುವಷ್ಟು ಸಿಂಪಡಿಸುವವರು ಎಷ್ಟು ಸೊನ್ನೆಗಳನ್ನು ಕೂಡಿಸಿಕೊಳ್ಳಬೇಕೋ ಲೆಕ್ಕವಿಲ್ಲ.

ಹಾಗೆಂದು ಅಮೆರಿಕದವರನ್ನು ಬರೀ ಹಳಿಯಲಾರೆ. 2016ರ ತಿದ್ದುಪಡಿಯಲ್ಲಿ ಅವರು ಎರಡು ಒಳ್ಳೆಯ ಕೆಲಸ ಮಾಡಿದರು. ಜನ ನಿಜವಾಗಿ ತಿನ್ನುವ ಪ್ರಮಾಣಕ್ಕೆ ಹತ್ತಿರವಾಗುವಂತೆ ಕೆಲವು ಸರ್ವಿಂಗ್‌ಗಳನ್ನು ಹಿಗ್ಗಿಸಿದರು. ಐಸ್‌ಕ್ರೀಮಿನದ್ದು ಅರ್ಧ ಕಪ್ಪಿನಿಂದ ಮೂರನೇ ಎರಡು ಕಪ್ಪಿಗೆ ಏರಿತು. "ಸೇರಿಸಿದ ಸಕ್ಕರೆ" ಎಂಬ ಪ್ರತ್ಯೇಕ ಸಾಲನ್ನೂ ಕಡ್ಡಾಯ ಮಾಡಿದರು. ಹಾಲು, ಮೊಸರಿನಂತಹ ಪದಾರ್ಥಗಳಲ್ಲಿ ಈ ಸಾಲು ಬಹಳ ಉಪಯುಕ್ತ. ನೂರು ಗ್ರಾಂ ಸಾದಾ ಮೊಸರಿನಲ್ಲೇ ಹಾಲಿನ ಲ್ಯಾಕ್ಟೋಸ್ ನಾಲ್ಕೈದು ಗ್ರಾಂ ಇರುತ್ತದೆ. ಹಣ್ಣಿನ ಸ್ವಾದದ ಮೊಸರಿನ ಡಬ್ಬಿಯಲ್ಲಿ 13 ಗ್ರಾಂ ಎಂದು ಕಂಡರೆ, ಅದರಲ್ಲಿ ಎಂಟೊಂಬತ್ತು ಗ್ರಾಂ ಹೊರಗಿನದ್ದು ಎಂದು, ಈ ಸಾಲು ಇಲ್ಲದ ಕಡೆ ನಾವೇ ಕಳೆದು ತಿಳಿಯಬೇಕು. ಕಳೆಯುವ ಕೆಲಸ ತಯಾರಕರದ್ದಾಗಬೇಕು, ಅವರ ಬಳಿ ಪಾಕವಿಧಾನ ಇದೆ.

ನಾನು ನಿಮ್ಮನ್ನು ಕೇಳಿಕೊಳ್ಳುವುದು ಹೆಚ್ಚಿಲ್ಲ. ಆಹಾರ ಎಷ್ಟು ಒಳ್ಳೆಯದು ಎಂದು ತೋರಿಸಲು ಪೊಟ್ಟಣದ ಮುಂಬದಿಗೆ ಹಾಕುವ ಕಪ್ಪು ಮುದ್ರೆ, ಬಣ್ಣದ ದೀಪ, ನಕ್ಷತ್ರಗಳ ಬಗ್ಗೆ ನಿಮ್ಮ ಸಭೆಗಳಲ್ಲಿ ವರ್ಷಗಟ್ಟಲೆ ಚರ್ಚೆ ನಡೆದಿದೆ. ಮುಂಬದಿಯ ಆ ವಿಚಾರವನ್ನು ಬಲ್ಲವರಿಗೆ ಬಿಡುತ್ತೇನೆ. ನನಗೆ ಗೊತ್ತಿರುವುದು ಹಿಂಬದಿ.

ಮೊದಲನೆಯದು, ಕೋಷ್ಟಕ ನೂರು ಗ್ರಾಂ ಅಥವಾ ನೂರು ಮಿಲಿಲೀಟರಿನ ಲೆಕ್ಕದಲ್ಲಿ ಎಲ್ಲೆಡೆಯೂ ಇರಲೇಬೇಕು, ಮತ್ತು ಸೊನ್ನೆ ಎಂದು ಬರೆಯುವ ಅನುಮತಿಯೂ ಆ ನೂರಕ್ಕೇ ಅಂಟಿಕೊಂಡಿರಬೇಕು. ಐರೋಪ್ಯ ಒಕ್ಕೂಟದಲ್ಲಿ ನೂರರ ಲೆಕ್ಕ ಈಗಾಗಲೇ ಕಡ್ಡಾಯ, ಸರ್ವಿಂಗ್ ಬೇಕಿದ್ದರೆ ಜೊತೆಗೆ ಬರೆಯಬಹುದು. ನೂರು ಎಂಬುದು ಯಾರ ಬಟ್ಟಲೂ ಅಲ್ಲ, ನಿಜ. ಆದರೆ ಎರಡು ಡಬ್ಬಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವಾಗ ಅದು ಯಾರ ಕಡೆಯೂ ವಾಲುವುದಿಲ್ಲ. ಆ ಸಂಖ್ಯೆಯೂ ಅಕ್ಷರಶಃ ನಿಖರವೇನಲ್ಲ. ಐರೋಪ್ಯ ಮಾರ್ಗದರ್ಶನದಂತೆ ಹತ್ತರಿಂದ ನಲವತ್ತು ಗ್ರಾಂ ಸಕ್ಕರೆ ಇರುವ ಪದಾರ್ಥದಲ್ಲಿ ಶೇಕಡಾ ಇಪ್ಪತ್ತರಷ್ಟು ಆಚೀಚೆ ಸಹಿಸಿಕೊಳ್ಳುತ್ತಾರೆ. ನಮ್ಮ 26 ಎಂಬುದು 21 ಇರಬಹುದು, 31 ಇರಬಹುದು. ಬೆಳೆ, ಒಲೆ, ತೇವಾಂಶ ಎಲ್ಲ ಬದಲಾಗುತ್ತಿರುವಾಗ ಅಷ್ಟು ಸಡಿಲ ಬೇಕಾಗುತ್ತದೆ ಎಂದು ಒಳಗಿದ್ದವನಾಗಿ ಬಲ್ಲೆ, ಅದರ ಬಗ್ಗೆ ತಕರಾರಿಲ್ಲ.

ಎರಡನೆಯದು ನನ್ನ ಮುಖ್ಯ ಬೇಡಿಕೆ. ಇದನ್ನು ನಾನು ಹೊಸದಾಗಿ ಕಂಡುಹಿಡಿದಿಲ್ಲ, ಕೆನಡಾ 2016ರ ತನ್ನ ನಿಯಮದಲ್ಲಿ ಬರೆದಾಗಿದೆ. ಅಲ್ಲಿ ಸಕ್ಕರೆಯ ಕೆಲಸ ಮಾಡುವ ಪದಾರ್ಥಗಳನ್ನೆಲ್ಲ, ಸಕ್ಕರೆಯ ಬದಲಿಗೆ ಬಳಸಿದ ಹಣ್ಣಿನ ಸಾಂದ್ರವನ್ನೂ ಸೇರಿಸಿ, "ಸಕ್ಕರೆಗಳು" ಎಂಬ ಒಂದೇ ಶೀರ್ಷಿಕೆಯ ಕೆಳಗೆ ಆವರಣದೊಳಗೆ ಕೂಡಿಸಬೇಕು. ಪಟ್ಟಿಯಲ್ಲಿ ಸ್ಥಾನ ಸಿಗುವುದು ಆ ಒಟ್ಟು ತೂಕಕ್ಕೆ. ಹೆಸರು ಐದಾದರೂ ಐವತ್ತಾದರೂ ಕುರ್ಚಿ ಒಂದೇ. ಇದಕ್ಕೆ ಹೊಸ ಪ್ರಯೋಗಾಲಯ ಬೇಡ, ಹೊಸ ಪರೀಕ್ಷೆ ಬೇಡ. ಪಾಕವಿಧಾನದ ಹಾಳೆಯಲ್ಲಿರುವ ಐದು ಸಂಖ್ಯೆಗಳನ್ನು ಕೂಡಿಸಲು ಬರುವ ಒಬ್ಬ ಗುಮಾಸ್ತ ಸಾಕು. ಕೆನಡಾದಲ್ಲಿ ಮಾರುವ ಕಂಪನಿಗಳು ಅಲ್ಲಿಗೆ ಹೀಗೆ ಅಚ್ಚು ಹಾಕಿಸುತ್ತಿರುವಾಗ, ಉಳಿದೆಡೆಗೆ ಸಾಧ್ಯವಿಲ್ಲ ಎಂಬ ಮಾತನ್ನು ಯಾವ ಕಂಪನಿಯ ಪ್ರತಿನಿಧಿಯಾದರೂ ನಿಮ್ಮ ಮುಂದೆ ಹೇಳಿದರೆ, ದಯವಿಟ್ಟು ಅವರ ಕೆನಡಾ ಡಬ್ಬಿಯನ್ನು ತರಿಸಿ ಮೇಜಿನ ಮೇಲಿಡಿ. ಕೂಡಿಸಿದರೂ ಮಾಲ್ಟೋಡೆಕ್ಸ್‌ಟ್ರಿನ್‌ನಂತಹವು ಹೊರಗೆ ನುಸುಳಬಹುದೇ ಎಂಬ ಪ್ರಶ್ನೆ ಉಳಿಯುತ್ತದೆ. ಸಮಿತಿ ಆ ಶೀರ್ಷಿಕೆಯ ಎಲ್ಲೆಯನ್ನು ಬರೆಯುವಾಗ ಅದನ್ನು ಹೆಸರಿಟ್ಟು ಒಳಗೆ ತರಬೇಕು, ಇಲ್ಲದಿದ್ದರೆ ಮುಂದಿನ ಕೆಂಪು ಶಾಯಿ ಆ ಕಡೆಗೇ ದಾರಿ ತೋರಿಸುತ್ತದೆ.

ನಾನು ಸಹಿ ಹಾಕಿದ ಆ ಡಬ್ಬಿಯ ಪಟ್ಟಿಯನ್ನು ಕೆನಡಾದ ರೀತಿಯಲ್ಲಿ ಮತ್ತೆ ಬರೆದು ಕೆಳಗೆ ಕೊಟ್ಟಿದ್ದೇನೆ. ಪದಾರ್ಥ ಅವೇ, ತೂಕ ಅವೇ.

ಪದಾರ್ಥಗಳು: ಸಕ್ಕರೆಗಳು (ಸಕ್ಕರೆ, ಗ್ಲೂಕೋಸ್ ಸಿರಪ್, ಸೇಬಿನ ರಸದ ಸಾಂದ್ರ, ಮಾಲ್ಟ್ ಸಾರ, ಜೇನು), ಓಟ್ಸ್, ಅಕ್ಕಿ ಹಿಟ್ಟು, ಎಣ್ಣೆ, ಒಣದ್ರಾಕ್ಷಿ, ಉಪ್ಪು.

ಇತಿ,
ಲೇಬಲ್ ವಿಭಾಗದ ಮಾಜಿ ನೌಕರ